ಮೆಜೆಸ್ಟಿಕ್‌ನಿಂದ ಸ್ಟಾಫ್ ಗೇಟಿನವರೆಗೆ: ಹೊಸಬರಿಗೆ ಪತ್ರ ಬರೆದ ಅನುಭವ

ಬೆಂಗಳೂರಿನ ಒಂದು ಬಿಸಿನೆಸ್ ಹೋಟೆಲಿನಲ್ಲಿ ನಾನು ಟ್ರೈನಿಂಗ್ ನೋಡಿಕೊಳ್ಳುತ್ತೇನೆ. ಹೌಸ್‌ಕೀಪಿಂಗ್, ಅಡುಗೆಮನೆಯ ಪಾತ್ರೆಪಗಡೆ ತೊಳೆದಿಡುವ ಕಿಚನ್ ಸ್ಟೀವರ್ಡಿಂಗ್, ಬ್ಯಾಂಕ್ವೆಟ್ ಈ ಮೂರು ಕಡೆಗೂ ನಮಗೆ ಹುಡುಗ ಹುಡುಗಿಯರು ಬರುವುದು ಹೆಚ್ಚಾಗಿ ಕುಷ್ಟಗಿ, ಸಿಂಧನೂರು, ಹಾವೇರಿ, ಸಾಗರದಂಥ ಊರುಗಳಿಂದ. ಪಿಯುಸಿ ಮುಗಿಸಿದವರು, ಅರ್ಧಕ್ಕೆ ಬಿಟ್ಟವರು, ಐಟಿಐ ಮಾಡಿದವರು. ಆಯ್ಕೆಯಾದವರಿಗೆ ನಾವು ಒಂದು ಸ್ವಾಗತ ಪತ್ರ ಕಳಿಸುತ್ತಿದ್ದೆವು. ದಪ್ಪ ಕಾಗದ, ಮೇಲೆ ಲೋಗೋ, ಕೆಳಗೆ ಜನರಲ್ ಮ್ಯಾನೇಜರ್ ಸಹಿ, ನಡುವೆ ನಾಲ್ಕು ಪ್ಯಾರಾ ಇಂಗ್ಲಿಷು. ನಮ್ಮ ಕುಟುಂಬಕ್ಕೆ ಸ್ವಾಗತ, ಅತಿಥಿಯೇ ದೇವರು, ಉಜ್ವಲ ಭವಿಷ್ಯ. ಯಾವ ಬಸ್ ಸ್ಟಾಪಿನಲ್ಲಿ ಇಳಿಯಬೇಕು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ.

ಸೇರಿದ ಮೊದಲ ವಾರದಲ್ಲೇ ಬಿಟ್ಟುಹೋಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಿದ್ದರು. ಡಿಪಾರ್ಟ್‌ಮೆಂಟಿನವರು ಹೇಳುತ್ತಿದ್ದುದು ಒಂದೇ ಮಾತು, 'ಈಗಿನ ಹುಡುಗರಿಗೆ ಕೆಲಸ ಮಾಡೋ ಮನಸ್ಸಿಲ್ಲ.' ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿ ಬಂದ ಹುಡುಗನಿಗೆ ಹಾಸಿಗೆ ಹಾಸುವುದು ಭಾರವಾಗುತ್ತದೆಯೇ? ಬಿಟ್ಟುಹೋದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮೊದಮೊದಲು 'ಮನೆ ಕಡೆ ತೊಂದರೆ ಇತ್ತು' ಅನ್ನುತ್ತಿದ್ದರು. ಸ್ವಲ್ಪ ಹೊತ್ತು ಊರಿನ ಮಳೆ ಬೆಳೆ ಮಾತಾಡಿದ ಮೇಲೆ ನಿಜ ಕಾರಣ ಹೊರಬರುತ್ತಿತ್ತು. ಒಬ್ಬನಿಗೆ ಸಂಬಳ ಎರಡು ತಿಂಗಳು ಬರುವುದೇ ಇಲ್ಲ ಅಂತ ರೂಮಿನಲ್ಲಿ ಯಾರೋ ಹೇಳಿದ್ದರಂತೆ. ಒಬ್ಬನಿಗೆ ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆಯೆದ್ದಿತ್ತು, ಯಾರಿಗೆ ಹೇಳಬೇಕು ಗೊತ್ತಾಗಲಿಲ್ಲ. ಇನ್ನೊಬ್ಬ, 'ಗೇಟಿನ್ಯಾಗ ಮೈ ತಡವಿ ನೋಡತಾರ್ರೀ, ನಾವೇನ್ ಕಳ್ಳರೇನ್ರೀ?' ಅಂದ. ಕೆಲಸ ಕಷ್ಟವಾಯಿತು ಅಂತ ಹೇಳಿದವರು ಕಡಿಮೆ. ಹೇಳಿದವರೂ ಸುಸ್ತಿನ ಮಾತಾಡಲಿಲ್ಲ, ಸೂಪರ್‌ವೈಸರ್ ಹಿಂದಿಯಲ್ಲಿ ಹೇಳಿದ್ದು ಅರ್ಥವಾಗಲಿಲ್ಲ ಅಂದರು.

ಪತ್ರವನ್ನು ಹೊಸದಾಗಿ ಬರೆಯಲು ಕೂತದ್ದು ಆ ಫೋನುಗಳಾದ ಮೇಲೆ. ಯಾರಿಗೆ ಬರೆಯುತ್ತಿದ್ದೇನೆ ಅನ್ನುವುದು ಮೊದಲು ಸ್ಪಷ್ಟವಾಗಬೇಕಿತ್ತು. ಪತ್ರ ಹುಡುಗನ ಹೆಸರಿಗೇ ಹೋದರೂ ಅದನ್ನು ಓದುವವರು ಅಪ್ಪ, ಅಣ್ಣ, ಪಕ್ಕದ ಮನೆ ಮೇಷ್ಟ್ರು. ಕಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರೂ ಅವರೇ. ಅವರ ಪ್ರಶ್ನೆಗಳು ನಾಲ್ಕೈದು ಮಾತ್ರ: ಎಲ್ಲಿ ಇಳಿಯಬೇಕು, ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ದುಡ್ಡು ಯಾವಾಗ ಬರುತ್ತದೆ, ಫೋನ್ ತೆಗೆಯದಿದ್ದರೆ ಯಾರನ್ನು ಕೇಳಬೇಕು. ಹೋಟೆಲಿನ ಹೆಚ್ಚುಗಾರಿಕೆಯನ್ನು ಯಾರೂ ಕೇಳಿರಲಿಲ್ಲ, ಅದನ್ನು ಬಿಟ್ಟೆ. ಎರಡು ಪುಟ, ಕನ್ನಡದಲ್ಲಿ, ಸ್ವಲ್ಪ ದೊಡ್ಡ ಅಕ್ಷರ. ಅಂಚೆಯಲ್ಲಿ ಒಂದು ಪ್ರತಿ, ವಾಟ್ಸಾಪಿನಲ್ಲಿ ಒಂದು ಫೋಟೋ.

ಪತ್ರ ಹೀಗೆ ಶುರುವಾಗುತ್ತದೆ:

'ನೀವು ಬುಧವಾರ ಬೆಳಿಗ್ಗೆ ಬೆಂಗಳೂರಿಗೆ ಬನ್ನಿ. ಆ ದಿನ ಕೆಲಸ ಇಲ್ಲ. ಬಸ್ಸಿನಲ್ಲಿ ಬಂದರೆ ಮೆಜೆಸ್ಟಿಕ್‌ನಲ್ಲೇ ಇಳಿಯಿರಿ, ನಡುವೆ ಎಲ್ಲೂ ಇಳಿಯಬೇಡಿ. ಕತ್ತಲಿದ್ದರೆ ಬೆಳಗಾಗುವವರೆಗೆ ಬಸ್ ನಿಲ್ದಾಣದ ಒಳಗೇ ಕೂತಿರಿ. ಬೆಳಿಗ್ಗೆ 7 ಗಂಟೆಗೆ ನಮ್ಮ ಹುಡುಗನೊಬ್ಬ ಅಲ್ಲಿಗೆ ಬರುತ್ತಾನೆ. ಅವನ ಫೋಟೋ, ನಂಬರು ಈ ಪತ್ರದ ಹಿಂದೆ ಇದೆ. ಬೇರೆ ಯಾರಾದರೂ ಬಂದು ಹೋಟೆಲಿನವರು ಕಳಿಸಿದ್ದಾರೆ ಅಂದರೆ ಹೋಗಬೇಡಿ. ಈ ಕೆಲಸಕ್ಕೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಯೂನಿಫಾರ್ಮಿಗೆ, ರೂಮಿಗೆ, ಟ್ರೈನಿಂಗಿಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡದೆ ನಮಗೆ ತಿಳಿಸಿ.'

ಕೊನೆಯ ಮೂರು ವಾಕ್ಯಗಳ ಬಗ್ಗೆ ನಮ್ಮ ಎಚ್‌ಆರ್‌ನವರು ತಕರಾರು ತೆಗೆದರು. ಸ್ವಾಗತ ಪತ್ರದಲ್ಲಿ ಮೋಸದ ಮಾತೇಕೆ ಅಂತ. ಆದರೆ ಹೋಟೆಲಿನ ಹೆಸರು ಹೇಳಿ 'ಯೂನಿಫಾರ್ಮ್ ಡೆಪಾಸಿಟ್' ವಸೂಲಿ ಮಾಡುವ ಏಜೆಂಟರು ಸಣ್ಣ ಊರುಗಳಲ್ಲಿ ಇದ್ದಾರೆ ಅನ್ನುವುದು ಬಂದವರ ಬಾಯಿಂದಲೇ ನಾವು ಕೇಳಿದ್ದು. ಸಾಲ ಮಾಡಿ ಡೆಪಾಸಿಟ್ ಕಟ್ಟಿ ಬಂದ ಹುಡುಗ ಮೊದಲ ದಿನದಿಂದಲೇ ನಮ್ಮನ್ನು ನಂಬುವುದಿಲ್ಲ. ಆ ವಾಕ್ಯಗಳು ಉಳಿದವು.

ಬುಧವಾರ ಬರಬೇಕು ಅನ್ನುವುದಕ್ಕೂ ಕಾರಣವಿದೆ. ನಮ್ಮಂಥ ಹೋಟೆಲುಗಳಲ್ಲಿ ಮಂಗಳವಾರದಿಂದ ಗುರುವಾರದವರೆಗೆ ಕಂಪನಿ ಕೆಲಸಕ್ಕೆ ಬಂದ ಅತಿಥಿಗಳಿಂದ ರೂಮುಗಳು ತುಂಬಿರುತ್ತವೆ. ಶುಕ್ರವಾರ ಚೆಕ್‌ಔಟ್ ಆಗಿ ಶನಿವಾರ ಭಾನುವಾರ ಖಾಲಿ ಹೊಡೆಯುತ್ತವೆ. ಮೊದಲು ಹೊಸಬರನ್ನು ಸೋಮವಾರ ಸೇರಿಸಿಕೊಳ್ಳುತ್ತಿದ್ದರು. ಅವರು ಕಾಗದಪತ್ರ ಮುಗಿಸಿ ಫ್ಲೋರಿಗೆ ಬರುವ ಹೊತ್ತಿಗೆ ವಾರದ ಅತಿ ದೊಡ್ಡ ಗಡಿಬಿಡಿ. ಕಲಿಸುವವನಿಗೆ ಪುರುಸೊತ್ತಿಲ್ಲ, ಕಲಿಯಲು ಖಾಲಿ ರೂಮಿಲ್ಲ. ಬುಧವಾರ ಬಂದು ಗುರುವಾರ ಸೇರಿದರೆ ಶನಿವಾರಕ್ಕೆ ಕೈ ಪಳಗಿಸಿಕೊಳ್ಳಲು ಒಂದಿಡೀ ಫ್ಲೋರು ಸಿಗುತ್ತದೆ. ಹೊಸಬರ ಮೊದಲ ವಾರಕ್ಕೆ ನಾವು ಹಾಕಿಕೊಂಡ ಯೋಜನೆ ನಿಂತಿರುವುದು ಇದೊಂದರ ಮೇಲೆಯೇ. ಮದುವೆ ಹಾಲ್ ನೆಚ್ಚಿಕೊಂಡ ಹೋಟೆಲಾದರೆ ಲೆಕ್ಕ ತಿರುವುಮುರುವು, ಅಲ್ಲಿ ಶನಿವಾರವೇ ಜಾತ್ರೆ.

ಏನೇನು ತರಬೇಕು ಅನ್ನುವ ಪಟ್ಟಿ ಹಳೆಯ ಪತ್ರದಲ್ಲೂ ಇತ್ತು. ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೋ. ಅದಕ್ಕೆ ನಾನು ಸೇರಿಸಿದ್ದು ಎರಡು ಮಾತು. ಒಂದು, ಮೂಲ ದಾಖಲೆಗಳನ್ನು ನೋಡಿ ಅದೇ ದಿನ ವಾಪಸ್ ಕೊಡುತ್ತೇವೆ, ಇಟ್ಟುಕೊಳ್ಳುವುದಿಲ್ಲ. ಇನ್ನೊಂದು ಆಧಾರ್‌ಗೆ ಸಂಬಂಧಿಸಿದ್ದು. ಪಿಎಫ್‌ಗೆ ಯುಎಎನ್ ನಂಬರು ಬೇಕು, ಈಗ ಅದನ್ನು ಉಮಂಗ್ ಆ್ಯಪಿನಲ್ಲಿ ಮುಖ ತೋರಿಸಿ ಪಡೆಯಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ನಮ್ಮ ಹುಡುಗರಲ್ಲಿ ಎಷ್ಟೋ ಜನರ ಆಧಾರ್‌ಗೆ ಜೋಡಿಸಿರುವುದು ಅಪ್ಪನ ನಂಬರು, ಇಲ್ಲವೇ ಯಾವಾಗಲೋ ಕಳೆದುಹೋದ ಸಿಮ್ಮು. ಸಿಬ್ಬಂದಿಯ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಕೂತು 'ಅಪ್ಪಾ, ಮೊಬೈಲ್ ನೋಡು, ಆರು ಅಂಕಿ ಬಂದಾವ, ಓದು' ಅಂತ ಕೂಗುವುದು, ಅಪ್ಪ ಹೊಲದಲ್ಲಿ ಕನ್ನಡಕ ಇಲ್ಲದೆ ತಡಕಾಡುವುದು, ಅಷ್ಟರಲ್ಲಿ ಓಟಿಪಿ ಹೊತ್ತು ಮೀರುವುದು ಮಾಮೂಲಿಯಾಗಿತ್ತು. ಹೆಸರಿನದು ಬೇರೆಯೇ ಕಥೆ. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಸೇರಿ ಉದ್ದಕ್ಕಿರುತ್ತದೆ, ಆಧಾರ್‌ನಲ್ಲಿ ಬರೀ ಬಸವರಾಜ, ಪಾಸ್‌ಬುಕ್ಕಿನಲ್ಲಿ ಬಸವರಾಜ್ ಎಚ್. ಇವನ್ನು ಇಲ್ಲಿಗೆ ಬಂದು ಸರಿಮಾಡಿಸಲು ರಜೆ ಹಾಕಿ ಊರಿಗೇ ಹೋಗಬೇಕಾದೀತು. ಅದಕ್ಕೇ ಈಗ ಪತ್ರದಲ್ಲಿ, 'ಹೊರಡುವ ಮುಂಚೆ ನಿಮ್ಮೂರಿನ ಆಧಾರ್ ಕೇಂದ್ರದಲ್ಲಿ ನಿಮ್ಮದೇ ಮೊಬೈಲ್ ನಂಬರು ಜೋಡಿಸಿಕೊಳ್ಳಿ, ಮೂರೂ ಕಡೆ ಹೆಸರು ಒಂದೇ ಇದೆಯೇ ನೋಡಿ, ಬೇರೆ ಇದ್ದರೆ ಫೋನ್ ಮಾಡಿ' ಅಂತ ಬರೆಯುತ್ತೇವೆ.

ಬೂಟಿನ ಬಗ್ಗೆ ಒಂದು ಸಾಲು: ಕಪ್ಪು ಬೂಟು ನಾವೇ ಕೊಡುತ್ತೇವೆ, ಅಳತೆಯನ್ನು ಮುಂಚೆಯೇ ತಿಳಿಸಿ, ಹತ್ತಿಯ ಕಪ್ಪು ಕಾಲುಚೀಲ ಎರಡು ಜೊತೆ ತನ್ನಿ. ಬೂಟನ್ನು ಬುಧವಾರ ಸಂಜೆಯೇ ಕೈಗೆ ಕೊಡುತ್ತೇವೆ, ಹಾಸ್ಟೆಲಿನಲ್ಲಿ ಹಾಕಿಕೊಂಡು ಓಡಾಡಲಿ ಅಂತ. ಚಪ್ಪಲಿಗೆ ಒಗ್ಗಿದ ಕಾಲು 9 ಗಂಟೆ ಗಟ್ಟಿ ಚರ್ಮದೊಳಗೆ ಒಮ್ಮೆಗೇ ಕೂರುವುದಿಲ್ಲ.

ಪತ್ರದಲ್ಲಿ ನಾನು ಅತಿ ಹೆಚ್ಚು ತಿದ್ದಿ ಬರೆದದ್ದು ಸಂಬಳದ ಭಾಗವನ್ನು. ಅಪಾಯಿಂಟ್‌ಮೆಂಟ್ ಆರ್ಡರಿನಲ್ಲಿ ಸಂಬಳ 18,000 ಅಂತ ಇರುತ್ತದೆ. ಮನೆಯವರು 18,000 ಅಂತಲೇ ಎಣಿಸಿಕೊಂಡಿರುತ್ತಾರೆ. ಮೊದಲ ತಿಂಗಳು ಖಾತೆಗೆ ಬರುವುದು ಬೇರೆಯೇ ಮೊತ್ತ. ಆ ದಿನ ಊರಿನಿಂದ ಫೋನು, 'ಉಳಿದದ್ದು ಎಲ್ಲಿ ಹೋಯ್ತು?' ಪೇಸ್ಲಿಪ್ ಇಂಗ್ಲಿಷಿನಲ್ಲಿದೆ, ಹುಡುಗನಿಗೂ ಗೊತ್ತಿಲ್ಲ. ಹಾಗಾಗಿ ಲೆಕ್ಕವನ್ನು ಪತ್ರದಲ್ಲೇ ಮಾಡಿ ತೋರಿಸಿದೆ. 30 ದಿನಗಳ ತಿಂಗಳಲ್ಲಿ ನೀವು 11ನೇ ತಾರೀಕು ಸೇರಿದರೆ 20 ದಿನದ ಸಂಬಳ, ಅಂದರೆ 12,000. ನಿಮ್ಮ ಸಂಬಳದಲ್ಲಿ ಬೇಸಿಕ್ ಮತ್ತು ಡಿಎ ಸೇರಿ 15,000, 20 ದಿನಕ್ಕೆ ಅದು 10,000. ಪಿಎಫ್‌ಗೆ ಹಿಡಿಯುವುದು ಇದರ ಶೇಕಡ 12, ಅಂದರೆ 1,200. ಇಎಸ್‌ಐಗೆ 12,000ದ ಶೇಕಡ 0.75, ಅಂದರೆ 90. ಕೈಗೆ ಬರುವುದು 10,710. ಮುಂದಿನ ತಿಂಗಳು 7ನೇ ತಾರೀಕಿನೊಳಗೆ ಖಾತೆಗೆ ಬೀಳುತ್ತದೆ. ಪಿಎಫ್ ಹಣ ಎಲ್ಲೂ ಹೋಗಿಲ್ಲ, ನಿಮ್ಮ ಹೆಸರಿನಲ್ಲೇ ಜಮೆಯಾಗುತ್ತದೆ, ಹೋಟೆಲೂ ಅದಕ್ಕೆ ತನ್ನ ಪಾಲು ಕಟ್ಟುತ್ತದೆ. ಇಎಸ್‌ಐ ಇದ್ದರೆ ನಿಮಗೂ ಮನೆಯವರಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದಾರಿಯಿದೆ, ಅದಕ್ಕೆ ಸಂಬಳ ತಿಂಗಳಿಗೆ 21,000 ದಾಟಿರಬಾರದು.

ಈ ಲೆಕ್ಕ ಬರೆಯುವಾಗಲೇ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು. ನಮ್ಮಲ್ಲಿ ಹಾಜರಿ ಲೆಕ್ಕ 25ನೇ ತಾರೀಕಿಗೆ ಮುಚ್ಚುತ್ತದೆ. ಅದರ ನಂತರ ಸೇರಿದವರ ನಾಲ್ಕೈದು ದಿನದ ಸಂಬಳಕ್ಕೆ ಬೇರೆಯಾಗಿ ಕಾಗದ ಓಡಾಡಬೇಕು, ಅದು ಎಲ್ಲೋ ಒಂದು ಮೇಜಿನ ಮೇಲೆ ತಂಗುತ್ತಿತ್ತು. 'ಎರಡು ತಿಂಗಳು ಸಂಬಳ ಬರಲ್ಲ' ಅನ್ನುವ ಗಾಳಿಮಾತು ಹುಟ್ಟಿದ್ದು ಅಲ್ಲಿಂದಲೇ. ಈಗ ತಿಂಗಳ ಕೊನೆಯ ವಾರ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಮೊದಲ ಸಂಬಳದವರೆಗಿನ ಖರ್ಚಿಗೆ 2,000 ರೂಪಾಯಿ ಅಡ್ವಾನ್ಸ್ ಕೇಳಬಹುದು, ಎರಡು ಕಂತಿನಲ್ಲಿ ಮುರಿದುಕೊಳ್ಳುತ್ತೇವೆ ಅಂತಲೂ ಬರೆದೆವು. ಅಕೌಂಟ್ಸ್‌ನವರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ, ಓಡಿಹೋದರೆ ಯಾರು ಹೊಣೆ ಅಂದರು. ಓಡಿಹೋದವನ ಯೂನಿಫಾರ್ಮು, ಮೆಡಿಕಲ್ಲು, ಟ್ರೈನಿಂಗಿಗೆ ಆದ ಖರ್ಚನ್ನು ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಸಹಿ ಬಿತ್ತು.

ಫೋನಿನ ಮಾತು ಪತ್ರಕ್ಕೆ ಬಂದದ್ದು ಒಬ್ಬ ತಂದೆಯಿಂದಾಗಿ. ಡ್ಯೂಟಿ ಹೊತ್ತಿನಲ್ಲಿ ಮೊಬೈಲು ಲಾಕರಿನಲ್ಲಿರಬೇಕು ಅನ್ನುವುದು ನಮ್ಮ ನಿಯಮ. ಮಗ ಮೊದಲ ದಿನ ಬೆಳಿಗ್ಗೆಯಿಂದ ಫೋನ್ ತೆಗೆದಿಲ್ಲ. ಸಂಜೆ ಲಾಕರ್ ತೆರೆಯುವಷ್ಟರಲ್ಲಿ ಬ್ಯಾಟರಿ ಸತ್ತಿದೆ, ಚಾರ್ಜಿಗೆ ಹಾಕಿ ಅವನು ನಿದ್ದೆ ಹೋಗಿದ್ದಾನೆ. ಮರುದಿನ ಬೆಳಿಗ್ಗೆ ಸ್ಟಾಫ್ ಗೇಟಿನಲ್ಲಿ ಅಪ್ಪ ನಿಂತಿದ್ದರು, ರಾತ್ರಿ ಬಸ್ಸಿಗೆ ಹೊರಟು ಬಂದಿದ್ದರು. 'ನಮ್ಮ ಹುಡುಗ ಫೋನ್ ಎತ್ತವಲ್ಲರೀ, ಜೀವ ತಡೀಲಿಲ್ಲ' ಅಂದರು. ಅವರನ್ನು ಕ್ಯಾಂಟೀನಿಗೆ ಕರೆದೊಯ್ದು ತಿಂಡಿ ಕೊಟ್ಟು ಮಗನನ್ನು ಕರೆಸಿದೆವು. ಈಗ ಪತ್ರದಲ್ಲಿ ಮನೆಯವರಿಗಾಗಿಯೇ ಒಂದು ಚೌಕ ಇದೆ: 'ಡ್ಯೂಟಿ ಹೊತ್ತಿನಲ್ಲಿ ನಿಮ್ಮ ಮಗ ಅಥವಾ ಮಗಳು ಫೋನ್ ತೆಗೆಯುವುದಿಲ್ಲ. ತುರ್ತು ಇದ್ದರೆ ಟೈಮ್ ಆಫೀಸಿಗೆ ಮಾಡಿ, ಹಗಲು ರಾತ್ರಿ ಯಾರಾದರೂ ಇರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ.' ಆ ಕೊನೆಯ ಮಾತು ಸುಳ್ಳಾಗಬಾರದು ಅಂತ ಸೆಕ್ಯುರಿಟಿಯ ರಾತ್ರಿ ಪಾಳಿಯನ್ನೂ ಸ್ವಲ್ಪ ಬದಲಿಸಬೇಕಾಯಿತು.

ಹುಡುಗಿಯರಿಗೆ ಹೋಗುವ ಪತ್ರದಲ್ಲಿ ಇನ್ನೊಂದು ಪ್ಯಾರಾ ಇರುತ್ತದೆ. ಹಾಸ್ಟೆಲ್ ಯಾವ ರಸ್ತೆಯಲ್ಲಿದೆ, ವಾರ್ಡನ್ ಯಾರು, ತಡವಾಗಿ ಮುಗಿಯುವ ಶಿಫ್ಟಿದ್ದರೆ ಹೋಟೆಲಿನ ಗಾಡಿ ಬಾಗಿಲವರೆಗೆ ಬಿಡುತ್ತದೆ ಅನ್ನುವುದು. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕೈಯಲ್ಲೇ ಇರಲಿ, ಸ್ಲೀಪರ್ ಬಸ್ಸಿಗೆ ಅದು ನಡೆಯುವುದಿಲ್ಲ ಅನ್ನುವುದು. ಯಾರಿಂದಲಾದರೂ, ಅತಿಥಿಯಿಂದಲಾದರೂ ಸರಿ, ಕಿರುಕುಳವಾದರೆ ದೂರು ಕೊಡಲು ಆಂತರಿಕ ಸಮಿತಿ ಇದೆ. 2013ರ ಕಾನೂನಿನಂತೆ 10 ಜನಕ್ಕಿಂತ ಕಡಿಮೆಯಿಲ್ಲದ ಕಡೆಯೆಲ್ಲ ಅದು ಇರಲೇಬೇಕು. ಹಳೆಯ ಪತ್ರದಲ್ಲಿ ಇದು ಇರಲಿಲ್ಲ, ನೋಟಿಸ್ ಬೋರ್ಡಿನಲ್ಲಿ ಇಂಗ್ಲಿಷಿನ ಒಂದು ಹಾಳೆ ತೂಗುತ್ತಿತ್ತು. ಈಗ ಸಮಿತಿಯ ಅಧ್ಯಕ್ಷೆಯ ಹೆಸರು, ನಂಬರು ಪತ್ರದಲ್ಲೇ ಇದೆ.

ಇನ್ನು ವಾರದ ಯೋಜನೆ. ಹೌಸ್‌ಕೀಪಿಂಗಿಗೆ ಬಂದ ಕುಷ್ಟಗಿ ಕಡೆಯ ಒಬ್ಬ ಹುಡುಗನ ಮೊದಲ ವಾರವನ್ನೇ ಹೇಳಿಬಿಡುತ್ತೇನೆ. ಬುಧವಾರ ಮೆಜೆಸ್ಟಿಕ್‌ನಿಂದ ಕರೆತಂದ ಜೊತೆಗಾರ ಸಿಂಧನೂರಿನವನು, ನಮ್ಮಲ್ಲೇ ಎರಡು ವರ್ಷದಿಂದ ಇರುವವನು. ಜೊತೆಗಾರ ಅದೇ ಕಡೆಯವನಾಗಿರಬೇಕು ಅನ್ನುವುದು ನನ್ನ ಹಟ. ಸೂಪರ್‌ವೈಸರನ್ನು ಕೇಳಲು ನಾಚುವ ಹುಡುಗ ತನ್ನ ಮಾತಿನವನನ್ನು ಧಾರಾಳವಾಗಿ ಕೇಳುತ್ತಾನೆ. ಬಂದವನು ಕೇಳಿದ ಮೊದಲ ಪ್ರಶ್ನೆ, 'ಇಲ್ಲಿ ಊಟಕ್ಕ ರೊಟ್ಟಿ ಸಿಗತಾವೇನ್ರೀ?' ಸ್ಟಾಫ್ ಕ್ಯಾಂಟೀನಿನಲ್ಲಿ ಮೂರು ಹೊತ್ತೂ ಅಕ್ಕಿಯದೇ ಕಾರುಬಾರು: ಇಡ್ಲಿ, ಅನ್ನ, ಮತ್ತೆ ಅನ್ನ. ಜೋಳದ ರೊಟ್ಟಿ ಉಂಡವರಿಗೆ ಅದು ಹೊಟ್ಟೆ ತುಂಬಿದ ಹಾಗೇ ಅನಿಸುವುದಿಲ್ಲ. ಶೆಫ್ ಜೊತೆ ಮಾತಾಡಿ ವಾರಕ್ಕೆ ಎರಡು ದಿನ ರೊಟ್ಟಿ, ಪುಂಡಿಪಲ್ಲೆ ಅಥವಾ ಬದನೆಕಾಯಿ ಎಣ್ಣೆಗಾಯಿ ಮಾಡಿಸಿದೆವು. ಯಾವ ದಿನ ಅಂತ ಪತ್ರದಲ್ಲೂ ಬರೆದಿದೆ. ಈ ಒಂದು ಸಾಲನ್ನು ಮನೆಯವರು ನೆನಪಿಟ್ಟುಕೊಂಡು ಕೇಳುತ್ತಾರೆ.

ಗುರುವಾರ ಕಾಗದಪತ್ರ, ಲಾಕರು, ಯೂನಿಫಾರ್ಮ್ ಅಳತೆ. ಕಿಚನ್ ಮತ್ತು ಬ್ಯಾಂಕ್ವೆಟಿಗೆ ಸೇರುವವರಿಗೆ ಇದರ ಜೊತೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಲಸಿಕೆ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು ಅನ್ನುವುದು ಎಫ್‌ಎಸ್‌ಎಸ್‌ಎಐ ನಿಯಮ. ಸಂಜೆ ಹೊರಗೆ ಹೋಗುವಾಗ ಗೇಟಿನ ತಪಾಸಣೆ. ಇದನ್ನು ಬಾಯಲ್ಲಿ ವಿವರಿಸಿದರೆ ಸಾಲದು ಅನ್ನುವುದು ಮೊದಲ ಬ್ಯಾಚುಗಳಲ್ಲೇ ಗೊತ್ತಾಗಿತ್ತು. ಈಗ ಗುರುವಾರ ಸಂಜೆ ಆ ವಿಭಾಗದ ಮುಖ್ಯಸ್ಥರಾದ ಎಕ್ಸಿಕ್ಯುಟಿವ್ ಹೌಸ್‌ಕೀಪರ್ ಅವರೇ ಹೊಸಬರ ಮುಂದೆ ಸಾಲಿನಲ್ಲಿ ನಿಂತು ಬ್ಯಾಗು ತೆರೆದು ತೋರಿಸಿ, ಕೈ ಅಗಲಿಸಿ ತಪಾಸಣೆ ಮಾಡಿಸಿಕೊಂಡು ಹೋಗುತ್ತಾರೆ. ಅದಾದ ಮೇಲೆ ನಾವೇನ್ ಕಳ್ಳರೇ ಅನ್ನುವ ಪ್ರಶ್ನೆ ನನ್ನ ಕಿವಿಗೆ ಬಿದ್ದಿಲ್ಲ.

ಶುಕ್ರವಾರ ಫ್ಲೋರಿಗೆ ಬಿಡದೆ ಬ್ಯಾಕ್ ಏರಿಯಾ ಸುತ್ತಿಸುವುದು. ಸರ್ವಿಸ್ ಲಿಫ್ಟು, ಲಿನನ್ ರೂಮು, ಲಾಂಡ್ರಿ, ಬೆಂಕಿ ಬಿದ್ದರೆ ಇಳಿಯುವ ಮೆಟ್ಟಿಲು, ಹೊರಗೆ ಸೇರುವ ಜಾಗ. ಮಧ್ಯಾಹ್ನ ಕೆಮಿಕಲ್ಲು. ನಾವು ಬಳಸುವುದು ಟಾಸ್ಕಿ ಆರ್ ಸರಣಿ: ಬಾತ್‌ರೂಮಿಗೆ ಆರ್-1, ಮೇಜು ನೆಲಕ್ಕೆ ಆರ್-2, ಗಾಜಿಗೆ ಆರ್-3, ಮರದ ಪಾಲಿಶಿಗೆ ಆರ್-4, ಸುವಾಸನೆಗೆ ಆರ್-5, ಕಮೋಡಿಗೆ ಆರ್-6. ಬಾಟಲಿಯ ಮೇಲಿನ ನಂಬರು ಓದಲು ಬಂದರೆ ಸಾಕು, ಇಂಗ್ಲಿಷ್ ಬೇಡ. ಹುಡುಗರ ತಲೆಗೆ ಹೋಗಲೇಬೇಕಾದ ಮಾತು ಇದು: ಆರ್-6ರಲ್ಲಿ ಆಮ್ಲ ಇರುತ್ತದೆ, ಅದರ ಜೊತೆ ಬ್ಲೀಚು ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಹೊಸಬರು ಹುರುಪಿನಿಂದಲೇ ಈ ತಪ್ಪು ಮಾಡುತ್ತಾರೆ, ಎರಡೂ ಹಾಕಿದರೆ ಇನ್ನೂ ಬೆಳ್ಳಗಾಗುತ್ತದೆ ಅಂತ. ಬಾತ್‌ರೂಮಿನಲ್ಲಿ ಘಾಟು ಬಂದು ಕಣ್ಣು ಉರಿದು ಕೆಮ್ಮು ಹತ್ತಿದರೆ ತೊಳೆಯಲು ನಿಲ್ಲದೆ ಹೊರಗೆ ಬಂದು ಸೂಪರ್‌ವೈಸರನ್ನು ಕರೆಯಬೇಕು.

ಶನಿವಾರ ಭಾನುವಾರ ಖಾಲಿ ರೂಮಿನಲ್ಲಿ ಅಭ್ಯಾಸ. ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದರೂ ಬಾಗಿಲು ತಟ್ಟಿ 'ಹೌಸ್‌ಕೀಪಿಂಗ್' ಅಂತ ಹೇಳಿ ಕಾಯಬೇಕು, ಮೂರು ಸಲ. ಒಳಗೆ ಹೋದ ಮೇಲೆ ಮೊದಲು ಬಾತ್‌ರೂಮಿಗೆ ಕೆಮಿಕಲ್ ಹಾಕಿ ಬರುವುದು, ಅದು ನೆನೆಯುವಷ್ಟರಲ್ಲಿ ಹಾಸಿಗೆ. ಹಳಬರ ಕೆಲಸ ಬೇಗ ಮುಗಿಯುವ ಗುಟ್ಟು ಅರ್ಧ ಈ ಕ್ರಮದಲ್ಲೇ ಇದೆ. ಕುಷ್ಟಗಿಯ ಹುಡುಗ ಶೀಟು ಹಾಸುವುದನ್ನು ಬೇಗ ಹಿಡಿದ, ಮೂಲೆ ಮಡಿಸುವುದು ಮಾತ್ರ ಕೈಗೆ ಹತ್ತಲಿಲ್ಲ. ಕಾಲಿನ ಕಡೆಯ ಶೀಟನ್ನು ಪೂರ್ತಿ ಗಾದಿಯ ಕೆಳಗೆ ಸೇರಿಸಬೇಕು. ಆಮೇಲೆ ಮೂಲೆಯಿಂದ ಒಂದಡಿ ದೂರದಲ್ಲಿ ಬದಿಯ ಅಂಚು ಹಿಡಿದು ಮೇಲೆತ್ತಿ ಗಾದಿಯ ಮೇಲೆ ಒರಗಿಸಿದರೆ ತ್ರಿಕೋನವಾಗುತ್ತದೆ. ಕೆಳಗೆ ಜೋತುಬಿದ್ದ ತುಂಡನ್ನು ಒಳಗೆ ತುರುಕಿ, ಮೂಲೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ತ್ರಿಕೋನವನ್ನು ಇಳಿಸಿ ಅದನ್ನೂ ಒಳಗೆ ಸೇರಿಸಬೇಕು. ಆ ಒತ್ತಿ ಹಿಡಿಯುವ ಕೈಯನ್ನು ಅವನು ಬೇಗ ಬಿಟ್ಟುಬಿಡುತ್ತಿದ್ದ, ಮಡಿಕೆ ಸಡಿಲವಾಗಿ ಮೂಲೆ ಉಬ್ಬುತ್ತಿತ್ತು. ಜೊತೆಗಾರ, 'ಎಡಗೈ ಬಿಡಬ್ಯಾಡ ತಮ್ಮಾ, ಬಲಗೈ ಕೆಲಸ ಮುಗಿಯೋತನ' ಅಂತ ಹೇಳಿಹೇಳಿ ಭಾನುವಾರ ಮಧ್ಯಾಹ್ನಕ್ಕೆ ಕೈ ಕೂತಿತು. ಸರಿಯಾದ ಮೂಲೆಗೆ 45 ಡಿಗ್ರಿಯ ಗೆರೆ ಬರುತ್ತದೆ, ಅಂಗೈ ಸವರಿದರೆ ಎಲ್ಲೂ ಸುಕ್ಕು ಸಿಗುವುದಿಲ್ಲ.

ಅಭ್ಯಾಸದ ರೂಮಿನಲ್ಲಿ ನಾನು ದಿಂಬಿನ ಕೆಳಗೆ ಒಂದು ನೋಟು ಇಡುತ್ತೇನೆ. ಇದು ಪರೀಕ್ಷೆಯಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ 'ಹೋಟೆಲಿನವರು ಬೇಕಂತಲೇ ದುಡ್ಡಿಟ್ಟು ಸಿಕ್ಕಿಸುತ್ತಾರೆ' ಅನ್ನುವ ಭಯ ಹುಡುಗರಲ್ಲಿ ಆಗಲೇ ಇರುತ್ತದೆ. ಅತಿಥಿ ಇನ್ನೂ ಇರುವ ರೂಮಾದರೆ ಸಿಕ್ಕ ವಸ್ತು ಕಣ್ಣಿಗೆ ಕಾಣುವ ಹಾಗೆ ಅಲ್ಲೇ ಇರಬೇಕು. ಚೆಕ್‌ಔಟ್ ಆದ ರೂಮಾದರೆ ಜೇಬಿಗೂ ಬೇಡ, ಟ್ರಾಲಿಗೂ ಬೇಡ, ಅದೇ ರೂಮಿನ ಫೋನಿನಿಂದ ಸೂಪರ್‌ವೈಸರಿಗೆ ಹೇಳಿ, ಅವರು ಬಂದ ಮೇಲೆ ಇಬ್ಬರೂ ಸೇರಿ ಲಾಸ್ಟ್ ಆ್ಯಂಡ್ ಫೌಂಡ್ ರಿಜಿಸ್ಟರಿನಲ್ಲಿ ಬರೆಸಬೇಕು. ಹೀಗೆ ಮಾಡಿದವನ ಮೇಲೆ ಮುಂದೆ ದೂರು ಬಂದರೆ ರಿಜಿಸ್ಟರೇ ಅವನ ಪರವಾಗಿ ಮಾತಾಡುತ್ತದೆ.

ಸೋಮವಾರ ವಾರದ ರಜೆ. ಊರಿಗೆ ಹೋಗಲು ಸಮಯ ಸಾಲುವುದಿಲ್ಲ, ರೂಮಿನಲ್ಲಿ ಒಬ್ಬನೇ ಬಿದ್ದಿದ್ದರೆ ಮನಸ್ಸು ಊರಿಗೇ ಓಡುತ್ತದೆ. ಅದಕ್ಕೆ ಜೊತೆಗಾರನಿಗೂ ಅದೇ ದಿನ ರಜೆ ಕೊಡುತ್ತೇವೆ. ಇಬ್ಬರೂ ಬಿಎಂಟಿಸಿ ಬಸ್ಸು ಹತ್ತಿ ಮೆಜೆಸ್ಟಿಕ್‌ಗೆ ಹೋಗಿ ಬರಬೇಕು, ಬರುವಾಗ ಹೊಸಬನೇ ದಾರಿ ತೋರಿಸಬೇಕು. ಎಟಿಎಂ, ಮೆಡಿಕಲ್ ಶಾಪು, ಕಟಿಂಗ್ ಅಂಗಡಿ ಎಲ್ಲಿ ಅಂತ ನೋಡಿಕೊಳ್ಳಬೇಕು. ರಜೆಯನ್ನು ಹೊಂದಿಸಿ ಕೊಡುವುದು ಫ್ಲೋರ್ ಸೂಪರ್‌ವೈಸರಿಗೆ ತಲೆನೋವು ಅನ್ನುವುದು ನಿಜ. ಕೆಲವು ವಾರ ಆಗುವುದೂ ಇಲ್ಲ. ಆಗದ ವಾರಗಳಲ್ಲಿ ಮಂಗಳವಾರ ಹೊಸಬರ ಮುಖ ನೋಡಿದರೇ ತಿಳಿಯುತ್ತದೆ.

ಮಂಗಳವಾರ ಮೊದಲ ಬಾರಿ ಅತಿಥಿಗಳಿರುವ ಫ್ಲೋರು. ಜೊತೆಗಾರನ ಹಿಂದೆ ಹೋಗುವುದು, ಟ್ರಾಲಿ ಹಿಡಿಯುವುದು, ನೋಡುವುದು. ಇಂಗ್ಲಿಷಿನಲ್ಲಿ ಆರು ವಾಕ್ಯ ಮಾತ್ರ ಬಾಯಿಪಾಠ ಮಾಡಿಸಿರುತ್ತೇವೆ. ಆರನೆಯದು ಬಹಳ ಮುಖ್ಯ: 'ಒನ್ ಮೊಮೆಂಟ್ ಪ್ಲೀಸ್, ಐ ವಿಲ್ ಕಾಲ್ ಮೈ ಸೂಪರ್‌ವೈಸರ್.' ಅತಿಥಿ ಹೇಳಿದ್ದು ತಿಳಿಯದಿದ್ದರೂ ತಲೆಯಾಡಿಸಿ 'ಯೆಸ್ ಸರ್' ಅಂದು ಬಂದುಬಿಡುವುದು ಹೊಸಬರ ಚಾಳಿ. ಅತಿಥಿ ಇಸ್ತ್ರಿ ಪೆಟ್ಟಿಗೆಗಾಗಿ ಅರ್ಧ ಗಂಟೆ ಕಾದು ಕೆಳಗೆ ದೂರು ಕೊಡುತ್ತಾರೆ. ಆರನೆಯ ವಾಕ್ಯ ಬಂದರೆ ಈ ದೂರು ಬರುವುದಿಲ್ಲ.

ಬುಧವಾರ ಅವನಿಗೇ ಎರಡು ರೂಮು. ಹಳಬರು ದಿನಕ್ಕೆ 14ರಿಂದ 16 ರೂಮು ಮಾಡುತ್ತಾರೆ, ಚೆಕ್‌ಔಟ್ ರೂಮಿಗೆ ಅರ್ಧ ಗಂಟೆ ಹಿಡಿಯುತ್ತದೆ. ಹೊಸಬನಿಗೆ ಒಂದು ಗಂಟೆ ದಾಟುತ್ತದೆ, ದಾಟಬೇಕು ಕೂಡ. ಮುಂದಿನ ವಾರ ನಾಲ್ಕು, ಅದರಾಚೆ ಎಂಟು, ಹೀಗೆ ಒಂದೂವರೆ ತಿಂಗಳಿಗೆ ಪೂರ್ತಿ ಸಂಖ್ಯೆ ಅಂತ ಯೋಜನೆಯಲ್ಲಿ ಬರೆದು ಸೂಪರ್‌ವೈಸರ್ ಸಹಿ ಮಾಡಿಸುತ್ತೇವೆ. ಸಹಿ ಇಲ್ಲದಿದ್ದರೆ ಜನ ಕಡಿಮೆಯಾದ ದಿನ ಹೊಸಬನ ತಲೆಗೆ ಹತ್ತು ರೂಮು ಬೀಳುತ್ತವೆ. ಅವನು ಮೂಲೆ ಮಡಿಸುವುದು ಬಿಟ್ಟು ಶೀಟು ಎಳೆದು ಮುಚ್ಚುವುದನ್ನು ಕಲಿಯುತ್ತಾನೆ, ಆ ಕೈಯನ್ನು ಆಮೇಲೆ ತಿದ್ದುವುದು ಕಷ್ಟ.

ಅದೇ ಬುಧವಾರ ಸಂಜೆ ಡ್ಯೂಟಿ ಮುಗಿದ ಮೇಲೆ ನಾನು ಒಬ್ಬೊಬ್ಬರ ಜೊತೆ ಚಹಾ ಕುಡಿಯುತ್ತಾ ಕೂರುತ್ತೇನೆ. 'ಹೇಗನಿಸುತ್ತಿದೆ' ಅಂತ ಕೇಳಿದರೆ 'ಚಲೋ ಅದ ಮೇಡಂ' ಅನ್ನುವುದಕ್ಕಿಂತ ಹೆಚ್ಚು ಬರುವುದಿಲ್ಲ. ಹಾಗಾಗಿ ಕೇಳುವುದು ಬೇರೆ: ಪತ್ರದಲ್ಲಿ ಬರೆದದ್ದರಲ್ಲಿ ಯಾವುದು ಹಾಗೆ ಇರಲಿಲ್ಲ? ಯಾವುದನ್ನು ಬರೆಯಬೇಕಿತ್ತು? ಕುಷ್ಟಗಿಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಸ್ಟೆಲಿನಲ್ಲಿ ಸ್ನಾನಕ್ಕೆ ಬಿಸಿನೀರು ಬೆಳಿಗ್ಗೆ 6ರವರೆಗೆ ಮಾತ್ರ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ ಅಂದ. ಮತ್ತೆ, ಯೂನಿಫಾರ್ಮನ್ನು ತಾವೇ ಒಗೆಯಬೇಕಾಗಿಲ್ಲ, ಲಾಂಡ್ರಿಗೆ ಕೊಳೆಯದು ಕೊಟ್ಟರೆ ಒಗೆದದ್ದು ಕೊಡುತ್ತಾರೆ ಅನ್ನುವುದು ಮೊದಲೇ ತಿಳಿದಿದ್ದರೆ ಅವ್ವ ಎರಡು ಸೋಪಿನ ಪೊಟ್ಟಣ ಕಟ್ಟಿಕೊಡುತ್ತಿರಲಿಲ್ಲ ಅಂದ. ಎರಡೂ ಮುಂದಿನ ಬ್ಯಾಚಿನ ಪತ್ರಕ್ಕೆ ಸೇರಿದವು.

ಪತ್ರ ಈಗ ಎರಡು ಪುಟ ಮೀರಿ ಮೂರನೆಯದಕ್ಕೆ ಕಾಲಿಟ್ಟಿದೆ, ಏನನ್ನಾದರೂ ತೆಗೆಯಬೇಕು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು ಬಾಕಿಯಿದೆ. ಒಡಿಶಾ, ಅಸ್ಸಾಂ ಕಡೆಯಿಂದ ಬರುವ ಹುಡುಗರಿಗೆ ಇದನ್ನೇ ಹಿಂದಿಗೆ ತರ್ಜುಮೆ ಮಾಡಿ ಕೊಟ್ಟರಾಯಿತು ಅನ್ನುತ್ತಾರೆ ಎಚ್‌ಆರ್‌ನವರು. ಆ ಕಡೆಯ ರೈಲುಗಳು ಹೆಚ್ಚಾಗಿ ಬರುವುದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ, ಅವರಿಗೆ ಮೆಜೆಸ್ಟಿಕ್‌ನ ದಾರಿ ಬೇಕಾಗಿಲ್ಲ. ಊರಲ್ಲಿ ಉಣ್ಣುತ್ತಿದ್ದ ಅನ್ನ ಇಲ್ಲೂ ಸಿಗುತ್ತದೆ, ರೊಟ್ಟಿಯ ದಿನ ಅವರಿಗೆ ಮುಖ್ಯವಲ್ಲ. ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವರಿಗೆ ಒಂದೇ ದಿನದ ವಿಶ್ರಾಂತಿ ಸಾಲುತ್ತದೆಯೇ, ಅವರು ಮಂಗಳವಾರವೇ ಬರಬೇಕೇ, ಅವರ ಜೊತೆಗಾರ ಯಾರು? ಸದ್ಯ ಅವರಲ್ಲಿ ಹಳಬರಾದ ಮೂವರನ್ನು ಕೂರಿಸಿಕೊಂಡು, ಬಂದ ಮೊದಲ ವಾರ ನಿಮಗೆ ಏನೇನು ಗೊತ್ತಿರಲಿಲ್ಲ ಅಂತ ಕೇಳಿ ಬರೆದುಕೊಳ್ಳುತ್ತಿದ್ದೇನೆ.